ಕಾರ್ಪೆಟ್ ಏರಿಯಾ ಅಂದ್ರ ಚಾಪಿ ಹಾಸೋ ಜಾಗ ಅನ್ನಬಹುದೇನ್ರಿ?

ವಾಕಡ್, ಪುಣೆಯಿಂದ:

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲೊಂದು ಟೂ ಬಿಎಚ್‌ಕೆ ನೋಡೇವಿ, ಮುಂದಿನ ವಾರ ಅಗ್ರಿಮೆಂಟ್ ರಜಿಸ್ಟ್ರೇಶನ್ ಅದ. ರೊಕ್ಕದಾಗ ಒಂದು ಪಾಲು ನಮ್ಮ ಅಪ್ಪಾರು ಕೊಡಾಕತ್ತಾರ, ಅವರು ಗದಗಿನ್ಯಾಗ ಇರ್ತಾರ, ಇಂಗ್ಲಿಷ್ ಬರಂಗಿಲ್ಲ, ಅದಕ್ಕ ಡ್ರಾಫ್ಟಿನ ಮುಖ್ಯ ಮುಖ್ಯ ಸಾಲು ಕನ್ನಡದಾಗ ಬರದು ಕಳಸಾಕತ್ತೀನಿ. ಇಲ್ಲಿ ಮರಾಠಿಯವರು ಕಾರ್ಪೆಟ್ ಏರಿಯಾಕ್ಕ ಚಟಈ ಕ್ಷೇತ್ರ ಅಂತಾರಲ್ಲ, ಅದನ್ನ ನೋಡಿ ನಾನು "ಚಾಪಿ ಹಾಸುವಷ್ಟು ಜಾಗ" ಅಂತ ಬರದೆ. ಅಪ್ಪಾರು ಫೋನ್ ಮಾಡಿ, "ಬಾಲ್ಕನ್ಯಾಗೂ ಚಾಪಿ ಹಾಸ್ಕೊಂಡು ಮಲಗ್ತೀವಲ್ಲೋ, ಅದನ್ಯಾಕ ಬ್ಯಾರೆ ಬರದಾರ?" ಅಂದ್ರು. ನನಗ ಹೇಳಾಕ ಬರಲಿಲ್ಲ.

ಡ್ರಾಫ್ಟಿನ್ಯಾಗ ಕಾರ್ಪೆಟ್ 61.30 ಚದರ ಮೀಟರ್, ಬಾಲ್ಕನಿ 6.50, ಡ್ರೈ ಬಾಲ್ಕನಿ 2.80 ಅಂತದ. ಏಜೆಂಟ್ ಕೊಟ್ಟ ಕಾಸ್ಟ್ ಶೀಟಿನ್ಯಾಗ ಮಾತ್ರ ಯೂಸೆಬಲ್ ಕಾರ್ಪೆಟ್ 760 ಚದರಡಿ, ಸೇಲೆಬಲ್ 1064 ಚದರಡಿ, ದರ 7500, ಒಟ್ಟು 79 ಲಕ್ಷ 80 ಸಾವಿರ ಅಂತದ. ಇವಕ್ಕೆಲ್ಲ ಕನ್ನಡದಾಗ ಬ್ಯಾರೆ ಬ್ಯಾರೆ ಪದ ಅದಾವೋ, ಇಲ್ಲ ಒಂದಕ್ಕ ನಾಕು ಹೆಸರೋ?

ಡೊಂಬಿವಲಿಯಿಂದ:

ನಿಮ್ಮ ಚಾಪೆ ಸರಿಯಾಗೇ ಇದೆ ಸರ್, ಬದಲಾಯಿಸಬೇಡಿ. ನಾವು ಫ್ಲ್ಯಾಟ್ ತಗೊಂಡಾಗ ಬಾಲ್ಕನಿ ಸೇರಿಸಿಯೇ ಕಾರ್ಪೆಟ್ ಅಂತಿದ್ರು. ಸೂಪರ್ ಬಿಲ್ಟಪ್ ಅನ್ನೋದು ರೇರಾ ಕಾಯ್ದೆ ಬಂದ್ಮೇಲೆ ಬ್ಯಾನ್ ಆಯ್ತು, ಹಾಗಾಗಿ 1064 ಮರೆತುಬಿಡಿ, 760 ನಿಮ್ಮ ಕಾರ್ಪೆಟ್, ಅಪ್ಪನಿಗೆ ಅದನ್ನೇ ಬರೀರಿ.

ಮುಲುಂಡ್‌ನಿಂದ:

ದಯವಿಟ್ಟು 760 ಅಂತ ಬರೀಬೇಡಿ. ನಾನು ಆರ್ಕಿಟೆಕ್ಟ್ ಆಫೀಸಲ್ಲಿ ಏರಿಯಾ ಸ್ಟೇಟ್‌ಮೆಂಟ್ ಮಾಡೋ ಕೆಲಸದಲ್ಲೇ ಇರೋದ್ರಿಂದ ಹೇಳ್ತಿದೀನಿ. ಡೊಂಬಿವಲಿ ಸರ್ ಹೇಳಿದ್ದು ಅವರ ಕಾಲಕ್ಕೆ ಸರಿ, ಮಹಾರಾಷ್ಟ್ರದ 1963ರ ಮೋಫಾ ಕಾಯ್ದೆಯ ಪ್ರಕಾರ ಬಾಲ್ಕನಿ ಸೇರಿಸಿಯೇ ಕಾರ್ಪೆಟ್ ಹೇಳಿ, ಬಾಲ್ಕನಿ ಎಷ್ಟು ಅಂತ ಬೇರೆ ತೋರಿಸ್ತಿದ್ರು. 2016ರ ರೇರಾ ಕಾಯ್ದೆ ಬಾಲ್ಕನಿ, ವರಾಂಡ, ತೆರೆದ ಟೆರೇಸ್, ಹೊರಗೋಡೆ, ಪೈಪಿನ ಡಕ್ಟ್ ಎಲ್ಲಾ ಹೊರಗಿಟ್ಟಿದೆ, ಆದ್ರೆ ಮನೆಯೊಳಗೆ ರೂಮು ರೂಮಿನ ನಡುವೆ ಇರೋ ಗೋಡೆ ನಿಂತ ಜಾಗವನ್ನ ಒಳಗೆ ಸೇರಿಸಿದೆ. ಅಂದ್ರೆ ಚಾಪೆ ಹಾಸಬಹುದಾದ ಬಾಲ್ಕನಿ ಲೆಕ್ಕಕ್ಕಿಲ್ಲ, ಚಾಪೆ ಹಾಸೋಕಾಗದ ಗೋಡೆ ಲೆಕ್ಕದಲ್ಲಿದೆ. ನಿಮ್ಮ ತಂದೆಯವರು ಕೇಳಿದ್ದು ಸರಿಯಾದ ಪ್ರಶ್ನೆ, ಪದವೇ ದಾರಿ ತಪ್ಪಿಸ್ತಿದೆ.

ಈಗ ಲೆಕ್ಕ ನೋಡಿ. ಒಂದು ಚದರ ಮೀಟರಿಗೆ 10.764 ಚದರಡಿ. 61.30 ಅಂದ್ರೆ 660 ಚದರಡಿ, ಬಾಲ್ಕನಿ 70, ಡ್ರೈ ಬಾಲ್ಕನಿ 30, ಮೂರೂ ಕೂಡಿದ್ರೆ ಅವರ 760. ಅದಕ್ಕೆ ಶೇಕಡಾ 40 ಲೋಡಿಂಗ್ ಹಾಕಿದ್ರೆ 1064, ಸೂಪರ್ ಬಿಲ್ಟಪ್ಪನ್ನೇ ಸೇಲೆಬಲ್ ಅಂತ ಕರೆದಿದಾರೆ. ಆ ಹೆಚ್ಚಿನ 304 ಚದರಡಿ ಹೊರಗೋಡೆ, ಮೆಟ್ಟಿಲು, ಲಿಫ್ಟು, ಲಾಬಿ ಇವುಗಳ ಪಾಲು ಅಂತ ಹೇಳ್ತಾರೆ, ಆದ್ರೆ ಬಿಲ್ಟಪ್ ಸೂಪರ್ ಬಿಲ್ಟಪ್ ಎರಡೂ ಬ್ಯಾನ್ ಆಗಿಲ್ಲ, ಎರಡಕ್ಕೂ ರೇರಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ, ಹಾಗಾಗಿ ಲೋಡಿಂಗ್ ಒಬ್ಬ ಬಿಲ್ಡರ್ 30 ಹಾಕಿದ್ರೆ ಇನ್ನೊಬ್ಬ 45 ಹಾಕ್ತಾನೆ. 79 ಲಕ್ಷ 80 ಸಾವಿರವನ್ನ 1064ರಿಂದ ಭಾಗಿಸಿದ್ರೆ 7500, 760ರಿಂದ ಭಾಗಿಸಿದ್ರೆ 10,500, 660ರಿಂದ ಭಾಗಿಸಿದ್ರೆ ಸುಮಾರು 12,090. ಪಕ್ಕದ ಪ್ರಾಜೆಕ್ಟಿನವನು ರೇರಾ ಕಾರ್ಪೆಟ್ ಮೇಲೆ 11,800 ಅಂದ್ರೆ 7500ರ ಮುಂದೆ ದುಬಾರಿ ಅನ್ಸತ್ತೆ, ನಿಜವಾಗಿ ಅವನದ್ದೇ ಅಗ್ಗ. ಬಾಲ್ಕನಿ ಎಷ್ಟು ದೊಡ್ಡದು ಅನ್ನೋದನ್ನ ಮಾತ್ರ ಪಕ್ಕಪಕ್ಕ ಇಟ್ಟು ನೋಡ್ಬೇಕು.

ಸಹಿ ಮುಂಚೆ ಒಂದು ಕೆಲಸ ಮಾಡಿ. ಪ್ಲ್ಯಾನಲ್ಲಿರೋ ರೂಮುಗಳ ಉದ್ದ ಅಗಲ ಗುಣಿಸಿ ಕೂಡಿಸಿ, ಒಳಗೋಡೆಗಳ ಒಟ್ಟು ಉದ್ದವನ್ನ ಅವುಗಳ ದಪ್ಪದಿಂದ ಗುಣಿಸಿ ಅದಕ್ಕೆ ಸೇರಿಸಿ, 660ರ ಹತ್ತಿರ ಬರಬೇಕು. ಆಮೇಲೆ ಅಗ್ರಿಮೆಂಟಿನ ಕಲಂ, ಹಿಂದೆ ಲಗತ್ತಿಸಿದ ಫ್ಲೋರ್ ಪ್ಲ್ಯಾನ್, ಮಹಾರೇರಾ ಸೈಟಲ್ಲಿ ಆ ಪ್ರಾಜೆಕ್ಟಿಗೆ ಹಾಕಿರೋ ಕಾರ್ಪೆಟ್, ಮೂರೂ ಕಡೆ ಒಂದೇ ಅಂಕಿ ಇದೆಯಾ ನೋಡಿ.

ಭಾಯಂದರ್‌ನಿಂದ:

ಇದನ್ನ ಓದಿ ನನಗೂ ಒಂದು ಕೇಳುವ ಅನಿಸಿತು. ನಮ್ಮದು 1994ರ ಮನೆ, ಅಗ್ರಿಮೆಂಟಿನಲ್ಲಿ ಬಿಲ್ಟಪ್ 540 ಅಂತ ಮಾತ್ರ ಉಂಟು, ಕಾರ್ಪೆಟ್ ಅಂತ ಎಲ್ಲಿಯೂ ಇಲ್ಲ. ಈಗ ಮಾರುವ ಅಂತ ಇದ್ದೇವೆ, ತೆಗೆದುಕೊಳ್ಳುವವರು ರೇರಾ ಕಾರ್ಪೆಟ್ ಹೇಳಿ ಹೇಳಿ ಅಂತ ಕೂತಿದ್ದಾರೆ. ನಮ್ಮ ಯಜಮಾನರು ಇಪ್ಪತ್ತು ಪರ್ಸೆಂಟ್ ಕಳೆದು ಹೇಳು ಮಾರಾಯ್ತಿ ಅಂತಾರೆ, ಹಾಗೆ ಹೇಳಬಹುದಾ?

ಮುಲುಂಡ್‌ನಿಂದ:

ಬೇಡ ಅಕ್ಕ. ಪರ್ಸೆಂಟ್ ಕಳೆದು ಬಂದ ಅಂಕಿಯನ್ನ ನೀವು ಬರೆದುಕೊಟ್ರೆ ನಾಳೆ ಅದು ನಿಮ್ಮ ತಲೆ ಮೇಲೆ ಬರತ್ತೆ. ಒಬ್ಬ ಆರ್ಕಿಟೆಕ್ಟ್ ಕರೆಸಿ ಟೇಪ್ ಹಿಡಿಸಿ ಅಳತೆಯ ಸರ್ಟಿಫಿಕೇಟ್ ತಗೊಳ್ಳಿ. ಅವರು ಲೋನ್ ತಗೊಂಡ್ರೆ ಬ್ಯಾಂಕಿನ ವ್ಯಾಲ್ಯೂಯರ್ ಹೇಗೂ ಬಂದು ಅಳೀತಾರೆ.

ಮಾಟುಂಗಾದಿಂದ:

ಪದದ ವಿಷಯಕ್ಕೆ ಬರೋಣ. ಮರಾಠಿಯ ಚಟಈ ಕ್ಷೇತ್ರ ಇನ್ನೂ ಒಂದು ಕಡೆ ಕಾಲು ಹಾಕಿದೆ, ನಾವು ಎಫ್‌ಎಸ್‌ಐ ಅನ್ನೋದಕ್ಕೆ ಅವರು ಚಟಈ ಕ್ಷೇತ್ರ ನಿರ್ದೇಶಾಂಕ ಅಂತಾರೆ, ಅದು ಪ್ಲಾಟಿಗೆ ಎಷ್ಟು ಕಟ್ಟಬಹುದು ಅನ್ನೋ ಅನುಪಾತ, ನಿಮ್ಮ ಮನೆಯ ಒಳಗಿನ ಅಳತೆ ಅಲ್ಲ. ಹಾಗಾಗಿ ಆ ಪದದ ಹಿಂದೆ ಹೋಗೋದು ಬೇಡ. ನಾನಾದ್ರೆ ಒಳವಿಸ್ತೀರ್ಣ ಅಂತೀನಿ, ಹೊರಗೋಡೆಯಿಂದ ಒಳಗೆ ಇರೋದೆಲ್ಲ ಅನ್ನೋ ಅರ್ಥ ಬರತ್ತೆ, ಒಳಗೋಡೆಯೂ ತಾನಾಗೇ ಸೇರತ್ತೆ.

ಡೊಂಬಿವಲಿಯಿಂದ:

ಒಳವಿಸ್ತೀರ್ಣ ಅಂದ್ರೆ ಯಾರಿಗೆ ಅರ್ಥ ಆಗತ್ತೆ ಸರ್, ಸಬ್ ರಜಿಸ್ಟ್ರಾರ್ ಆಫೀಸಲ್ಲಿ ಹೋಗಿ ಕೇಳಿ ನೋಡಿ. ಕಾರ್ಪೆಟ್ ಅಂತಲೇ ಇರಲಿ. ಬಾಲ್ಕನಿ ವಿಷಯದಲ್ಲಿ ನಾನು ಹಳೇ ಲೆಕ್ಕದಲ್ಲಿದ್ದೆ, ಒಪ್ತೀನಿ. ಆದ್ರೆ ಸೂಪರ್ ಬಿಲ್ಟಪ್ ಬ್ಯಾನ್ ಆಗಿಲ್ಲ ಅಂದ್ರೆ ಅದರ ಮೇಲೆ ದರ ಹಾಕಬಹುದಾ ಹಾಗಾದ್ರೆ?

ಮುಲುಂಡ್‌ನಿಂದ:

ಬಾಯಲ್ಲಿ ಏನೇ ಹೇಳಲಿ, ಅಗ್ರಿಮೆಂಟಲ್ಲಿ ಬೆಲೆ ನಿಲ್ಲೋದು ಕಾರ್ಪೆಟ್ ಮೇಲೆ. ರೇರಾ ಮಾದರಿ ಅಗ್ರಿಮೆಂಟ್ ಪ್ರಕಾರ ಕಟ್ಟಡ ಮುಗಿದು ವಾಸಕ್ಕೆ ಅನುಮತಿ ಕೊಡೋ ಓಸಿ ಬಂದ್ಮೇಲೆ ಕಾರ್ಪೆಟ್ ಶೇಕಡಾ 3ರವರೆಗೆ ಹೆಚ್ಚುಕಮ್ಮಿ ಆಗಬಹುದು, ಕಮ್ಮಿ ಆದ್ರೆ ಹೆಚ್ಚು ತಗೊಂಡ ದುಡ್ಡನ್ನ 45 ದಿನದಲ್ಲಿ ಬಡ್ಡಿ ಸಮೇತ ವಾಪಸ್ ಕೊಡ್ಬೇಕು, ಹೆಚ್ಚಾದ್ರೆ ನಿಮ್ಮ ಹತ್ರ ಕೇಳ್ತಾರೆ. 660ಕ್ಕೆ ಮೂರು ಪರ್ಸೆಂಟ್ ಅಂದ್ರೆ ಸುಮಾರು 20 ಚದರಡಿ, 12,090ರ ದರದಲ್ಲಿ ಎರಡು ಲಕ್ಷ ನಲವತ್ತು ಸಾವಿರದ ಹತ್ರ. ಕಲಮಿನಲ್ಲಿ 61.30ರ ಬದಲು 760 ಕೂತಿದ್ರೆ ಯಾವುದರಿಂದ ಯಾವುದು ಕಮ್ಮಿ ಆಯ್ತು ಅಂತ ಜಗಳ ಶುರುವಾಗತ್ತೆ.

ವಾಕಡ್‌ನಿಂದ, ಎರಡು ದಿನ ಬಿಟ್ಟು:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಿನ್ನೆ ರಾತ್ರಿ ಪ್ಲ್ಯಾನ್ ಹಾಸ್ಕೊಂಡು ಕೂತು ಕೂಡಿಸಿದೆ. ಹಾಲ್ 160, ಅಡಿಗಿಮನಿ 80, ಎರಡು ಬೆಡ್‌ರೂಮ್ 120 ಮತ್ತ 132, ಎರಡು ಬಾತ್‌ರೂಮ್ ಕೂಡಿ 60, ಪ್ಯಾಸೇಜ್ ಮತ್ತ ಬಾಗಲದ ಮುಂದಿಂದು 65, ಒಟ್ಟು 617 ಬಂತು. ಒಳಗ್ವಾಡಿ 72 ಅಡಿ ಉದ್ದ ಅದಾವ, ಅರ್ಧ ಅಡಿ ದಪ್ಪ, ಅವು 36. ಕೂಡಿದ್ರ 653, ಉಳದ 7 ಚದರಡಿ ಬಾಗಲದ ಹೊಸ್ತಿಲದ್ದು ಇರಬೇಕು ಅಂತ ಬಿಟ್ಟೆ. ಕಲಮಿನ್ಯಾಗ 61.30 ಬರೋಬರಿ ಅದ, ಮಹಾರೇರಾ ಸೈಟಿನ್ಯಾಗೂ ಅಷ್ಟೇ ಅದ. ಆದ್ರ ಹಿಂದಿನ ಫ್ಲೋರ್ ಪ್ಲ್ಯಾನ್ ಹಾಳಿ ಮ್ಯಾಲೆ "ಕಾರ್ಪೆಟ್ 760 ಚದರಡಿ" ಅಂತ ಹೊಡದಿದ್ರು, ನಾನು ಅದನ್ನ ಮೊದಲು ನೋಡೇ ಇರಲಿಲ್ಲ. ಬಿಲ್ಡರ್ ಆಫೀಸಿಗೆ ಹೋಗಿ ಹಾಳಿ ಬದಲಿ ಮಾಡಸಾಕ ಹೇಳೇನಿ, ಸೋಮವಾರ ಕೊಡ್ತೀವಿ ಅಂದಾರ, ಅಲ್ಲೀತನಕ ಸಹಿ ಇಲ್ಲ.

ಅಪ್ಪಾರಿಗೆ ಹಿಂಗ ಬರದೇನಿ: "ಹೊರಗ್ವಾಡಿ ಒಳಗಿನ ಜಾಗ ಒಳಗ್ವಾಡಿ ಸೇರಿ 660 ಚದರಡಿ, ಬಾಲ್ಕನಿ 70, ಭಾಂಡಿ ತೊಳಿಯೋ ಜಾಗ 30." ಒಳವಿಸ್ತೀರ್ಣ ಅಂದ್ರ ಅವರಿಗೆ ತಿಳೀತಿರಲಿಲ್ಲ, ಅದಕ್ಕ ಪದ ಬಿಟ್ಟು ವಾಕ್ಯನ ಬರದೆ.

ಇನ್ನೊಂದು ಉಳೀತ್ರಿ. ವಾಷಿಂಗ್ ಮಷೀನ್ ಇಡೋದು, ಭಾಂಡಿ ತೊಳಿಯೋದು, ದಿನಾ ನೀರು ಬೀಳೋದು ಅಲ್ಲೇ, ಅದಕ್ಕ ಪುಣೆದವರು ಡ್ರೈ ಬಾಲ್ಕನಿ ಅಂತ ಯಾಕಂತಾರ? ಬಚ್ಚಲ ಅಂತ ಬರದ್ರ ಅಪ್ಪಾರು ಸ್ನಾನದ ಮನಿ ಅಂತ ತಿಳಕೊಳ್ತಾರ.