ಪದಚರ್ಚೆ: ‘ಇಂಪ್ಲೈಡ್ ವೊಲಟಿಲಿಟಿ’ಗೆ ಕನ್ನಡ ಬೇಕು, ನಾಳೆ ಬೆಳಿಗ್ಗೆ ಅಚ್ಚಿಗೆ

ಶಿವಮೊಗ್ಗದಿಂದ

ಗೆಳೆಯರೇ, ಹೂಡಿಕೆದಾರರ ಕಾರ್ಯಾಗಾರಕ್ಕಾಗಿ ಆಪ್ಷನ್‌ಗಳ, ಅಂದರೆ ನಿಗದಿತ ಬೆಲೆಗೆ ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕುಗಳ, ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಇಂಪ್ಲೈಡ್ ವೊಲಟಿಲಿಟಿಗೆ ‘ನಿರೀಕ್ಷಿತ ಏರಿಳಿತ’, ರಿಯಲೈಸ್ಡ್‌ಗೆ ‘ನೈಜ ಏರಿಳಿತ’ ಎಂದು ಹಾಕಿದ್ದೇನೆ. ‘ಆಪ್ಷನ್ ಮಾರುವವರು ಸರಾಸರಿಯಲ್ಲಿ ಪ್ರೀಮಿಯಂ ಗಳಿಸುತ್ತಾರೆ’ ಎಂಬ ವಾಕ್ಯವೂ ಇದೆ. ಮುದ್ರಣಾಲಯದವರು ಕಾಯುತ್ತಿದ್ದಾರೆ. ಇವು ಸರಿಯೇ?

ಸಾಗರದಿಂದ

ಸಂಸ್ಕೃತದ ಹೊರೆ ಏಕೆ? ‘ಅಡಕ ಏರಿಳಿತ’ ಎನ್ನಿ. ಅಡಗು, ಅಡಕ, ಅಡಿಕೆ ಎಲ್ಲ ಒಂದೇ ಬಳಗ. ಸಿಪ್ಪೆಯೊಳಗೆ ಅಡಗಿದ್ದೇ ಅಡಿಕೆ.

ಮೈಸೂರಿನಿಂದ

ಪೋರ್ಚುಗೀಸರ ‘ಅರೆಕ’ ನಮ್ಮ ಕರಾವಳಿಯ ನುಡಿಗಳಿಂದ ಹೋದದ್ದು. ಅಷ್ಟು ಗೊತ್ತಿದೆ. ಸಿಪ್ಪೆಯ ಕಥೆಗೆ ಆಧಾರ ಕೊಡಿ, ಇಲ್ಲವೇ ಬಿಡಿ. ‘ನಿರೀಕ್ಷಿತ’ವೇ ಸರಿ.

ತೀರ್ಥಹಳ್ಳಿಯಿಂದ

‘ನಿರೀಕ್ಷಿತ’ ಸರಿಯಲ್ಲ ಶಿವಮೊಗ್ಗದ ಮೇಡಂ, ಅದೊಂದು ಪದ ಇಡೀ ಅಧ್ಯಾಯವನ್ನು ಕೆಡಿಸುತ್ತದೆ. ಆಪ್ಷನ್ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸಿಗುವ ಏರಿಳಿತ ಅದು. ಆ ಬೆಲೆಯಲ್ಲಿ ನಿರೀಕ್ಷೆಯೂ ಇದೆ, ಅಪಾಯ ಹೊರುವವನ ಕೂಲಿಯೂ ಇದೆ. ಎರಡನ್ನೂ ‘ನಿರೀಕ್ಷೆ’ ಎಂದರೆ ಮಾರುವವನಿಗೆ ಸರಾಸರಿಯಲ್ಲಿ ಏನೂ ಉಳಿಯಬಾರದು.

ಅಡಿಕೆ ಫಸಲನ್ನು ಕೊಯ್ಲಿಗೆ ಮೊದಲೇ ಗುತ್ತಿಗೆಗೆ ಕೊಡುವ ನಮ್ಮ ಚೇಣಿಯನ್ನೇ ನೋಡಿ. ತೋಟದಲ್ಲಿ 10 ಕ್ವಿಂಟಲ್ ಆದೀತು ಎಂದು ಮಾಲೀಕರಿಗೂ ಚೇಣಿದಾರನಿಗೂ ಅನ್ನಿಸಿದೆ. ಕೊಯ್ಲಿನ ಖರ್ಚು ಕಳೆದ ಮೇಲೂ ಅವನು ದುಡ್ಡು ಕೊಡುವುದು 9ಕ್ಕೆ. ಆ ಹಣ ನೋಡಿ ‘ಅವನ ನಿರೀಕ್ಷೆ 9’ ಎಂದರೆ ತಪ್ಪು. ಉಳಿದ ಒಂದು ಕ್ವಿಂಟಲ್ ಕೊಳೆರೋಗದ ಭಯಕ್ಕೆ. ಒಂದು ತೋಟದಲ್ಲಿ ನಾಲ್ಕು ಮರ ಬಿದ್ದರೆ ಇನ್ನೊಂದು ತೋಟ ಸರಿದೂಗಿಸುತ್ತದೆ. ಕೊಳೆ ಹಾಗಲ್ಲ. ಮಳೆ ಬಿಡದೆ ಹಿಡಿದರೆ ಅವನು ಹಿಡಿದ ಇಪ್ಪತ್ತೂ ತೋಟಗಳಲ್ಲಿ ಒಟ್ಟಿಗೇ ಕಾಯಿ ಉದುರುತ್ತದೆ. ಷೇರುಪೇಟೆ ಕುಸಿಯುವುದೂ ಹಾಗೆಯೇ, ಎಲ್ಲರ ಕೈ ಖಾಲಿಯಾದ ದಿನವೇ ಆಪ್ಷನ್ ಮಾರಿದವನು ಹಣ ಕಟ್ಟಬೇಕು. ಹಂಚಿ ಕಳೆಯಲಾಗದ ಈ ಅಪಾಯಕ್ಕಾಗಿಯೇ ಕೊಳ್ಳುವವರು ಹೆಚ್ಚು ತೆರುತ್ತಾರೆ.

ಭದ್ರಾವತಿಯಿಂದ

ಇದನ್ನೆಲ್ಲ ಓದಿ ಆಪ್ಷನ್ ಮಾರಬೇಕು ಎನ್ನಿಸಿದವರಿಗೆ ಹೇಳುತ್ತೇನೆ, ಬೇಡ. ದಿನ ಕಳೆದಂತೆ ಆಪ್ಷನ್ ಬೆಲೆ ಕರಗುತ್ತದೆ, ಆ ಕರಗುವುದೇ ಲಾಭ ಎಂದು ನಂಬಿ, ಪೇಟೆ ಬಿದ್ದರೆ ಮಾರಿದವನೇ ಹಣ ತೆರಬೇಕಾದ ಪುಟ್ ಆಪ್ಷನ್‌ಗಳನ್ನು ತಿಂಗಳುಗಟ್ಟಲೆ ಮಾರಿದೆ. 2024ರ ಜೂನ್ 4, ಮತ ಎಣಿಕೆಯ ದಿನ ನಿಫ್ಟಿ ಸುಮಾರು ಶೇ 6ರಷ್ಟು ಬಿತ್ತು. ಮಧ್ಯಾಹ್ನದ ಊಟ ಎಲೆಯ ಮೇಲೆಯೇ ಉಳಿಯಿತು.

ತೀರ್ಥಹಳ್ಳಿಯಿಂದ

ಭದ್ರಾವತಿಯವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಕರಗುವುದು ಲಾಭವಲ್ಲ, ಪೇಟೆ ಅಲುಗಾಡಿದಾಗ ಆಗುವ ನಷ್ಟಕ್ಕೆ ಸಿಗುವ ಪ್ರತಿಫಲ. ಬೆಲೆಯಲ್ಲಿದ್ದಷ್ಟೇ ಏರಿಳಿತ ನಡೆದರೆ ಎರಡೂ ಸಮವಾಗುತ್ತವೆ. ಉಳಿತಾಯವಾಗುವುದು ನಡೆದದ್ದು ಕಡಿಮೆಯಾದಾಗ ಮಾತ್ರ.

ಲೆಕ್ಕಕ್ಕೆಂದು ನಿಫ್ಟಿ 24,000 ಎಂದುಕೊಳ್ಳೋಣ. ಬೆಲೆಯಲ್ಲಿರುವ ಏರಿಳಿತ ವಾರ್ಷಿಕ ಶೇ 14. ಅದೇ ಮಟ್ಟದ ಒಂದು ತಿಂಗಳ ಪುಟ್ ಮತ್ತು ಪೇಟೆ ಏರಿದರೆ ತೆರಬೇಕಾದ ಕಾಲ್ ಎರಡನ್ನೂ ಮಾರಿದರೆ ಸುಮಾರು 776 ಅಂಶ ಕೈಗೆ ಬರುತ್ತದೆ. ತಿಂಗಳು ಶೇ 11ರ ಏರಿಳಿತದಲ್ಲಿ ಮುಗಿದರೆ ಸರಾಸರಿಯಲ್ಲಿ 610 ತೆತ್ತು 166 ಉಳಿಸಿಕೊಳ್ಳುತ್ತೀರಿ. ಒಂದೇ ಒಂದು ತಿಂಗಳು ಶೇ 40ರ ಏರಿಳಿತ ಬಂದರೆ ತೆರಬೇಕಾದದ್ದು 2,217ರಷ್ಟು. ಒಂಬತ್ತು ತಿಂಗಳ ಉಳಿತಾಯ ಅಲ್ಲಿಗೆ ಹೋಯಿತು. ‘ಸರಾಸರಿಯಲ್ಲಿ’ ಎಂಬ ಪದವನ್ನು ಮೇಡಂ ದಪ್ಪ ಅಕ್ಷರದಲ್ಲೇ ಹಾಕಲಿ.

ಇನ್ನು ‘ನೈಜ’ ಬೇಡ, ಇನ್ನೊಂದು ಸುಳ್ಳು ಎಂಬಂತಾಗುತ್ತದೆ. ‘ನಡೆದ ಏರಿಳಿತ’ ಸಾಕು. ‘ಪ್ರೀಮಿಯಂ ಗಳಿಸುತ್ತಾರೆ’ ಎಂದರೂ ಅರ್ಥ ಕೆಡುತ್ತದೆ. ಪ್ರೀಮಿಯಂ ಎಂದರೆ ಕೈಗೆ ಬಂದ 776, ಅದು ಮಾರಿದ ಪ್ರತಿಯೊಬ್ಬನಿಗೂ ಬರುತ್ತದೆ. ನೀವು ಹೇಳಬೇಕಿರುವುದು ಆ 166ರ ವಿಷಯ. ಅದಕ್ಕೆ ‘ಅಪಾಯದ ಕೂಲಿ’ ಎನ್ನಿ.

ಮೈಸೂರಿನಿಂದ

‘ನಿರೀಕ್ಷಿತ’ವನ್ನು ಹಿಂತೆಗೆದುಕೊಳ್ಳುತ್ತೇನೆ. ‘ಕೂಲಿ’ಯನ್ನು ಒಪ್ಪುವುದಿಲ್ಲ. ಕೂಲಿ ದುಡಿಮೆಗೆ. ಇಲ್ಲಿ ದುಡಿಮೆ ಎಲ್ಲಿದೆ?

ಸಾಗರದಿಂದ

ಪ್ರೀಮಿಯಂ, ಕಾಲ್, ಪುಟ್ ಎಲ್ಲವನ್ನೂ ಹಾಗೇ ನುಂಗಿ, ಕನ್ನಡದ ‘ಕೂಲಿ’ಗೆ ಮಾತ್ರ ತಕರಾರು! ಎರವಲು ತರುವಾಗ ಈ ಎಚ್ಚರ ಎಲ್ಲಿತ್ತು?

ಮೈಸೂರಿನಿಂದ

ಪೇಟೆಯಲ್ಲಿ ದಿನವೂ ನುಡಿಯುವ ಪದ ಎರವಲಲ್ಲ. ಬಸ್ಸನ್ನು ನೀವು ಏನೆಂದು ಕರೆದು ಹತ್ತುತ್ತೀರಿ?

ಶಿವಮೊಗ್ಗದಿಂದ

‘ಬೆಲೆಯಲ್ಲಡಗಿದ ಏರಿಳಿತ’ ಮತ್ತು ‘ನಡೆದ ಏರಿಳಿತ’ ಎಂದು ತಿದ್ದಿ ಕಳುಹಿಸಿದೆ. ಚೇಣಿಯ ಉದಾಹರಣೆಯನ್ನೂ ಸೇರಿಸಿದ್ದೇನೆ, ತೀರ್ಥಹಳ್ಳಿಯವರಿಗೆ ಋಣಿ. ಆ 166ಕ್ಕೆ ಸದ್ಯ ‘ಅಪಾಯ ಹೊತ್ತದ್ದಕ್ಕೆ ಉಳಿಯುವ ಹೆಚ್ಚುವರಿ’ ಎಂದು ಉದ್ದಕ್ಕೆ ಬರೆದಿದ್ದೇನೆ. ಕರಡು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆ, ಅದಕ್ಕೂ ಮೊದಲು ಯಾರಿಗಾದರೂ ಒಂದೇ ಪದ ಹೊಳೆದರೆ ದಯವಿಟ್ಟು ತಿಳಿಸಿ.