ಮುಂದಿನ ಟೈರ್ ಒಳಅಂಚಿನಲ್ಲಿ ಬೋಳು: ಎಫ್‌ಸಿ ಆಗುತ್ತದೆಯೇ?

ಕೇಳಿದವರು: ನನ್ನ ಕಾರಿಗೆ 15 ವರ್ಷ ತುಂಬುತ್ತಿದೆ, ನೋಂದಣಿ ನವೀಕರಿಸಬೇಕು. ಮುಂದಿನ ಎರಡೂ ಟೈರ್‌ಗಳ ಹೊರಭಾಗದಲ್ಲಿ ಗೆರೆ ಚೆನ್ನಾಗಿದೆ, ಒಳಅಂಚು ನುಣ್ಣಗಾಗಿದೆ. ಈಗಲೇ ಬದಲಿಸಬೇಕೇ?

ತಿಪಟೂರು ಮೇಷ್ಟ್ರು: ನನ್ನ ಹೊಟ್ಟೆಯುರಿ ಕೇಳಿ. ಎರಡು ಹೊಸ ಟೈರ್‌ಗೆ 7,200 ಕೊಟ್ಟೆ. ಅಲೈನ್‌ಮೆಂಟ್‌ನ 600 ಉಳಿಸಿದೆ ಎಂದು ಬೀಗಿದೆ. ಒಂಬತ್ತು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಒಳಅಂಚಿನಲ್ಲಿ ನೂಲು ಕಂಡಿತು. ಸ್ಟಿಯರಿಂಗ್ ಯಾವ ಕಡೆಗೂ ಎಳೆಯುತ್ತಿರಲಿಲ್ಲ, ಹಾಗಾಗಿ ಅನುಮಾನವೇ ಬರಲಿಲ್ಲ. ಕಡೆಗೆ ಕೆಳಗಿನ ಆರ್ಮ್‌ನ ಬುಷ್ ಸವೆದಿದೆ ಎಂದರು. ಅದಕ್ಕೆ 1,900, ಜೊತೆಗೆ ಮತ್ತೆ ಎರಡು ಟೈರ್. ಮನೆಯವಳು ಈಗಲೂ ಆ 600 ರೂಪಾಯಿಯನ್ನು ನೆನಪಿಸುತ್ತಾಳೆ.

ಘಾಟಿ ಸವಾರ: ಟೈರ್‌ಗೆ ಐದು ವರ್ಷವಾದರೆ ಕಾನೂನುಬಾಹಿರ, ಗೆರೆ ಎಷ್ಟಿದ್ದರೇನು. ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೆಯ ವಾರದ್ದು.

ಅಲೈನ್‌ಮೆಂಟ್ ಅಂಗಡಿಯವಳು: ಅಂಕಿ ಓದುವುದು ಸರಿ, ಕಾನೂನು ತಪ್ಪು. ನಮ್ಮ ಮೋಟಾರು ವಾಹನ ನಿಯಮ ಖಾಸಗಿ ಕಾರಿನ ಟೈರ್‌ಗೆ ವಯಸ್ಸಿನ ಮಿತಿ ಹಾಕಿಲ್ಲ. ನೋಡುವುದು ಗೆರೆಯ ಆಳ, ಕಾರಿಗೆ 1.6 ಮಿಲಿಮೀಟರ್. ಗೆರೆಯ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ. ಮೇಲ್ಮೈ ಅವುಗಳ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ನೂಲು ಕಂಡರೆ ಅಳತೆಯ ಮಾತೇ ಇಲ್ಲ. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಕೈ ಹಾಕಿ ಒಳಅಂಚನ್ನು ಸವರಿ ನೋಡಿ. ನಿಂತು ನೋಡುವವರಿಗೆ ಹೊರಭಾಗ ಮಾತ್ರ ಕಾಣುತ್ತದೆ. ಎರಡೂ ಚಕ್ರಗಳ ಮುಂಭಾಗ ಸಮನಾಗಿ ಹೊರಕ್ಕೆ ತೆರೆದುಕೊಂಡರೆ ಕಾರು ನೇರವಾಗಿಯೇ ಓಡುತ್ತದೆ, ಒಳಅಂಚು ಸವೆಯುತ್ತದೆ. ಮೇಷ್ಟ್ರಿಗೆ ಆದದ್ದು ಇದೇ ಇರಬೇಕು. ಮೊದಲು ಬುಷ್, ಆಮೇಲೆ ಟೈರ್, ಕೊನೆಗೆ ಅಲೈನ್‌ಮೆಂಟ್.

ಘಾಟಿ ಸವಾರ: ಅಂಗಡಿಯವರು ಅಲೈನ್‌ಮೆಂಟ್ ಮಾಡಿಸಿ ಎನ್ನದೆ ಇನ್ನೇನು ಹೇಳುತ್ತಾರೆ? ಶಿರಾಡಿ ಘಾಟಿಯ ಮಳೆಯಲ್ಲಿ ಗಟ್ಟಿಯಾದ ಹಳೆಯ ಟೈರ್ ಜಾರುವುದನ್ನು ನಾನು ಅನುಭವಿಸಿದ್ದೇನೆ.

ಅಲೈನ್‌ಮೆಂಟ್ ಅಂಗಡಿಯವಳು: ಹಳೆಯ ರಬ್ಬರ್ ಗಟ್ಟಿಯಾಗುತ್ತದೆ, ಬದಲಿಸುವುದು ಒಳ್ಳೆಯದು. ಒಳ್ಳೆಯದಕ್ಕೂ ಕಾನೂನಿಗೂ ವ್ಯತ್ಯಾಸವಿದೆ ಎಂದೆ, ಅಷ್ಟೆ.

ಹಳೇ ಸ್ಕೂಟರ್: ಇಷ್ಟೆಲ್ಲ ಯಾಕೆ? ಭಾವನ ಕಾರಿನ ಚಕ್ರ ತಂದು ಹಾಕಿ ಎಫ್‌ಸಿ ಮುಗಿಸಿದೆ, ಸಂಜೆ ವಾಪಸು ಕೊಟ್ಟೆ. ಐದು ವರ್ಷ ನಿಶ್ಚಿಂತೆ.

ತಿಪಟೂರು ಮೇಷ್ಟ್ರು: ನಾಚಿಕೆಯಿಲ್ಲದೆ ಹೇಳುತ್ತಿದ್ದೀರಿ! ನಿಮ್ಮ ಹಿಂದೆ ಬರುವವರ ಗತಿಯೇನು?

ಅಲೈನ್‌ಮೆಂಟ್ ಅಂಗಡಿಯವಳು: ಎಫ್‌ಸಿ ಆ ದಿನದ ಸ್ಥಿತಿಗೆ ಕೊಟ್ಟ ಕಾಗದ. ಟೈರ್ ಸರಿಯಾಗಿರಬೇಕೆಂಬ ನಿಯಮ ಮರುದಿನವೂ ಇರುತ್ತದೆ. ಹೊಸ ಕಾರಿಗೂ ಅದೇ.

ಹಳೇ ಸ್ಕೂಟರ್: ಮೇಷ್ಟ್ರೇ, 600 ರೂಪಾಯಿಗೆ ಜಿಪುಣತನ ಮಾಡಿ ನೂಲು ಕಾಣುವವರೆಗೆ ಓಡಿಸಿದವರು ನೀವು. ನನಗೆ ಬುದ್ಧಿ ಹೇಳಬೇಡಿ.

ಕೇಳಿದವರು: ಈಗಷ್ಟೇ ಸವರಿ ನೋಡಿದೆ. ಎಡಗಡೆಯದರಲ್ಲಿ ಬೆರಳಿಗೆ ತಂತಿ ಚುಚ್ಚಿತು. ಸ್ಟೆಪ್ನಿ ಹಾಕಿಕೊಂಡು ಅಂಗಡಿಗೆ ಹೋಗೋಣವೆಂದರೆ ಅದರಲ್ಲಿ ಗಾಳಿಯಿಲ್ಲ.