ಸಹಾಯ ಬೇಕು: ಕ್ರಷರ್ ಧೂಳಿನ ದಾವೆಗೆ ಕಮಿಷನರ್ ಅರ್ಜಿಯ ಮಾದರಿ

ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ರೈತರೊಬ್ಬರ ದ್ರಾಕ್ಷಿ ತೋಟದ ಪಕ್ಕದಲ್ಲೇ ಜಲ್ಲಿ ಕ್ರಷರ್ ಇದೆ. ದಾವೆಯ ಮೊದಲ ಕರಡಿನಲ್ಲಿ ಎಲ್ಲವನ್ನೂ ನಿರ್ಲಕ್ಷ್ಯ ಎಂದೇ ಬರೆಯಲಾಗಿತ್ತು. ಹಾಗಾದರೆ ಕ್ರಷರ್ ಮಾಲೀಕರಿಗಿದ್ದ ಎಚ್ಚರಿಕೆಯ ಹೊಣೆ, ಅದರಲ್ಲಿ ತಪ್ಪಿದ್ದು, ಅದರಿಂದಲೇ ಆದ ನಷ್ಟ, ಮೂರನ್ನೂ ರೈತರೇ ಸಾಬೀತು ಮಾಡಬೇಕು. ಧೂಳು ಏಳದಂತೆ ನೀರು ಸಿಂಪಡಿಸುತ್ತಿದ್ದೆವು ಎಂದು ಮಾಲೀಕರು ದಾಖಲೆ ತಂದರೆ ದಾವೆ ಬಿದ್ದೀತು.

ಅದಕ್ಕೇ ಧೂಳನ್ನು ನ್ಯೂಸೆನ್ಸ್ ಎಂದು ಬದಲಿಸಿದ್ದೇವೆ. ತೋಟದ ಅನುಭೋಗಕ್ಕೆ ಸಹಿಸಲಾಗದಷ್ಟು ಅಡ್ಡಿಯಾಗುತ್ತಿದ್ದರೆ, ಎಚ್ಚರ ವಹಿಸಿದ್ದೆವು ಎಂಬ ಉತ್ತರವೊಂದೇ ಅವರನ್ನು ಉಳಿಸದು. 1982ರ ರಾಮ್ ಬಾಜ್ ಸಿಂಗ್ ವಿರುದ್ಧ ಬಾಬುಲಾಲ್ ತೀರ್ಪಿನಲ್ಲಿ ಅಲಹಾಬಾದ್ ಹೈಕೋರ್ಟ್ ಇಟ್ಟಿಗೆ ಪುಡಿ ಮಾಡುವ ಯಂತ್ರದ ಧೂಳನ್ನು ನ್ಯೂಸೆನ್ಸ್ ಎಂದೇ ಪರಿಗಣಿಸಿತು.

ಬಂಡೆ ಸಿಡಿಸಿದಾಗ ಎರಡು ಸಲ ಕಲ್ಲು ತೋಟದೊಳಗೆ ಬಿದ್ದಿದೆ. ಇದು ನೇರ ಪ್ರವೇಶ, ಅಂದರೆ ಟ್ರೆಸ್‌ಪಾಸ್. ಒಂದು ಬಳ್ಳಿಯೂ ಮುರಿಯದಿದ್ದರೂ ದಾವೆ ನಿಲ್ಲುತ್ತದೆ. ಸ್ವಾಧೀನ ತೋರಿಸಬೇಕು, ಅದಕ್ಕೆ ಪಹಣಿ ಇದೆ. ಪರಿಹಾರ ಕೇಳಲು ಕಲ್ಲು ಬಿದ್ದ ದಿನದಿಂದ 3 ವರ್ಷ ಗಡುವು, ಹಾಗಾಗಿ ಎರಡೂ ದಿನಾಂಕ ಬರೆಯಲೇಬೇಕು.

ಸಿಪಿಸಿ ಆದೇಶ 26, ನಿಯಮ 9ರ ಅರ್ಜಿಯಲ್ಲಿ ಎಲೆ, ಗೊಂಚಲಿನ ಮೇಲಿನ ಧೂಳನ್ನು ಕ್ರಷರ್ ಓಡುವ ಹೊತ್ತಿನಲ್ಲೇ ಪರಿಶೀಲಿಸುವಂತೆ ಕೇಳಿದ ಮಾದರಿ ಯಾರ ಬಳಿಯಾದರೂ ಇದೆಯೇ? ಕಮಿಷನರ್ ಬರುವ ದಿನ ಯಂತ್ರ ನಿಲ್ಲಿಸಿಬಿಟ್ಟರೆ ವರದಿಯಲ್ಲಿ ಏನೂ ಸಿಗುವುದಿಲ್ಲ. ದಯವಿಟ್ಟು ಕಳಿಸಿಕೊಡಿ.